ಹೊಲಿದ ಮೇಲೆ ಉಳಿಯಬೇಕೋ, ಹೋಗಬೇಕೋ?

ಟೀ ಶರ್ಟಿನ ಎದೆಯ ಮೇಲೆ ಹಾಕಿಸಿದ ಮಾವಿನಕಾಯಿ ಬುಟ್ಟಾ ಮೊದಲ ಒಗೆತಕ್ಕೇ ಮುದುಡಿಕೊಂಡು, ಸುತ್ತಲಿನ ಬಟ್ಟೆ ಸುಕ್ಕುಸುಕ್ಕಾಗಿ ಎದ್ದು ನಿಲ್ಲುತ್ತದೆ. ಅದೇ ಬುಟ್ಟಾ ಆರ್ಗಾಂಜಾ ಸೀರೆಯ ಸೆರಗಿನಲ್ಲಿ ನೀಟಾಗಿಯೇ ಬಂದಿರುತ್ತದೆ. ಆದರೆ ಸೆರಗನ್ನು ಬೆಳಕಿಗೆ ಹಿಡಿದರೆ ಹಿಂದೆ ಬಿಳಿ ಪೇಪರಿನ ತೇಪೆ ಕಾಣುತ್ತದೆ. ಇಂಥ ಕಡೆ ದಾರವನ್ನೋ ಡಿಸೈನನ್ನೋ ದೂರುವ ಮೊದಲು ಬಟ್ಟೆಯ ಹಿಂದೆ ಇಟ್ಟ ಸ್ಟೆಬಿಲೈಸರ್ ಯಾವುದೆಂದು ನೋಡಬೇಕು. ಕಂಪ್ಯೂಟರ್ ಎಂಬ್ರಾಯ್ಡರಿಯವರು ಇದನ್ನು ಬ್ಯಾಕಿಂಗ್ ಪೇಪರ್ ಅಥವಾ ಬರೀ ಪೇಪರ್ ಎನ್ನುತ್ತಾರೆ. ಎಷ್ಟೋ ಕಡೆ ಎಲ್ಲ ಬಟ್ಟೆಗೂ ಒಂದೇ ರೋಲಿನಿಂದ ಕತ್ತರಿಸಿ ಹಾಕುವುದೂ ಉಂಟು. ತೊಂದರೆ ಶುರುವಾಗುವುದೇ ಅಲ್ಲಿಂದ.

ಮುಖ್ಯವಾದವು ಮೂರು ಬಗೆ. ಹೊಲಿದ ಮೇಲೆ ಸುತ್ತ ಕತ್ತರಿಸಿ, ಹೊಲಿಗೆಯ ಹಿಂದೆ ಹಾಗೇ ಬಿಡುವುದು ಕಟ್-ಅವೇ. ಕೈಯಿಂದ ಹರಿದು ತೆಗೆಯುವುದು ಟೇರ್-ಅವೇ. ನೀರಲ್ಲಿ ಕರಗಿ ಹೋಗುವುದು ವಾಶ್-ಅವೇ. ಹೊಲಿಯುವ ಹೊತ್ತಿನಲ್ಲಿ ಮೂರೂ ಬಟ್ಟೆಯನ್ನು ಹಿಡಿದುಕೊಳ್ಳುತ್ತವೆ. ಆದ್ದರಿಂದ ಆಯ್ಕೆ ಮಾಡುವಾಗ ಯೋಚಿಸಬೇಕಾದ್ದು ಹೊಲಿದು ಮುಗಿದ ಮೇಲಿನ ಕಥೆಯನ್ನು: ಈ ದಾರಗಳ ಎಳೆತವನ್ನು ಬಟ್ಟೆ ತಾನೇ ತಡೆದುಕೊಳ್ಳಬಲ್ಲದೇ?

ಬನಿಯನ್ ಬಟ್ಟೆಗೆ, ಅಂದರೆ ಹೊಸೈರಿಗೆ, ಅದು ಸಾಧ್ಯವಿಲ್ಲ. ಅದು ಹಾಸುಹೊಕ್ಕಾಗಿ ನೇಯ್ದ ಬಟ್ಟೆಯಲ್ಲ, ಒಂದಕ್ಕೊಂದು ಸಿಕ್ಕಿಸಿದ ಕುಣಿಕೆಗಳಿಂದ ಹೆಣೆದದ್ದು. ಎಳೆದಾಗ ಕುಣಿಕೆ ಅಗಲವಾಗುತ್ತದೆ, ಬಿಟ್ಟಾಗ ಮೊದಲಿನ ಅಳತೆಗೆ ಬರುತ್ತದೆ. ಎಂಬ್ರಾಯ್ಡರಿ ದಾರ ಹಾಗೆ ಹಿಗ್ಗುವುದಿಲ್ಲ. ಸಾವಿರಾರು ಹೊಲಿಗೆಗಳು ಬಟ್ಟೆಯನ್ನು ಒಳಕ್ಕೆ ಎಳೆಯುತ್ತಿರುವಾಗ ಹಿಂದಿನ ಪೇಪರನ್ನು ಹರಿದು ತೆಗೆದರೆ ಆ ಎಳೆತಕ್ಕೆ ಎದುರು ನಿಲ್ಲಲು ಏನೂ ಇರುವುದಿಲ್ಲ. ಟೇರ್-ಅವೇ ಇನ್ನೂ ಮೊದಲೇ ಕೈಕೊಡುತ್ತದೆ. ಸೂಜಿ ಚುಚ್ಚಿದ ಸಾಲುಸಾಲು ತೂತುಗಳಲ್ಲಿ ಅದು ಹೊಲಿಯುತ್ತಿರುವಾಗಲೇ ಬಿರಿಯಬಹುದು. ಬುಟ್ಟಾದ ಔಟ್‌ಲೈನ್ ಒಳಗಿನ ತುಂಬು ಹೊಲಿಗೆಗೆ ಕೂಡದೆ, ನಡುವೆ ಬಟ್ಟೆ ಇಣುಕುತ್ತಿದ್ದರೆ, ಬಟ್ಟೆ ಅರ್ಧದಲ್ಲಿ ಜರುಗಿದೆ ಎಂದೇ ಹೆಚ್ಚಿನ ಸಲ ಅರ್ಥ.

ಮಗುವಿನ ಟೀ ಶರ್ಟಿಗೆ ಮೂರಿಂಚಿನ ಬುಟ್ಟಾ ಹಾಕಬೇಕು ಎಂದುಕೊಳ್ಳೋಣ. ಮೊದಲು ಶರ್ಟನ್ನು ಒಮ್ಮೆ ಒಗೆದು ಒಣಗಿಸಿ, ಹತ್ತಿ ಹೊಸೈರಿ ಕುಗ್ಗುವಷ್ಟು ಈಗಲೇ ಕುಗ್ಗಲಿ. ಹಿಂದಕ್ಕೆ ಮೆಶ್ ಎಂದು ಕರೆಯುವ ತೆಳು ಕಟ್-ಅವೇ ತೆಗೆದುಕೊಳ್ಳಿ. ಸುಮಾರು 50 ಜಿಎಸ್‌ಎಂ ತೂಕದ್ದು ಮೃದುವಾಗಿರುತ್ತದೆ, ಮಗುವಿನ ಎದೆಗೆ ರಟ್ಟಿನಂತೆ ಒತ್ತುವುದಿಲ್ಲ. ತುಂಬಿದ ಡಿಸೈನಾದರೆ ಇದನ್ನೇ ಎರಡು ಪದರ, ಒಂದರ ಮೇಲೊಂದು ಅಡ್ಡ ತಿರುಗಿಸಿ ಇಡಿ. ಮೆಶ್ ಸಾಮಾನ್ಯವಾಗಿ ಒಂದು ದಿಕ್ಕಿಗೆ ಹೆಚ್ಚು ಜಗ್ಗುತ್ತದೆ, ಹೀಗಿಟ್ಟರೆ ಒಂದರ ಸಡಿಲವನ್ನು ಇನ್ನೊಂದು ತಡೆಯುತ್ತದೆ.

ಇನ್ನು ಫ್ರೇಮಿಗೆ ಹಾಕುವ ಕೆಲಸ. ಅರ್ಧ ಸೋಲು ಗೆಲುವು ಇರುವುದು ಇಲ್ಲೇ. ಶರ್ಟನ್ನು ಫ್ರೇಮಿಗೆ ಸಿಕ್ಕಿಸಿ ಬಿಗಿಯಾಗುವವರೆಗೆ ಎಳೆಯುವುದು ಬಹಳ ಜನರ ಅಭ್ಯಾಸ. ಹಾಗೆ ಎಳೆದ ಸ್ಥಿತಿಯಲ್ಲೇ ಹೊಲಿಗೆ ಬಿದ್ದರೆ, ಫ್ರೇಮ್ ಬಿಚ್ಚಿದ ಕ್ಷಣ ಸುತ್ತಲಿನ ಬಟ್ಟೆ ಕುಗ್ಗುತ್ತದೆ, ಹೊಲಿದ ಭಾಗ ಕುಗ್ಗುವುದಿಲ್ಲ, ಸುಕ್ಕು ಏಳುತ್ತದೆ. ಎಂಥ ದುಬಾರಿ ಪೇಪರೂ ಇದನ್ನು ಸರಿಮಾಡಲಾರದು. ಆದ್ದರಿಂದ ಮೆಶ್ಶನ್ನು ಮಾತ್ರ ತಮಟೆಯಂತೆ ಬಿಗಿಯಾಗಿ ಫ್ರೇಮಿಗೆ ಹಾಕಿ. ಅದರ ಮೇಲೆ ಅಂಟಿನ ಸ್ಪ್ರೇ ತೆಳ್ಳಗೆ ಹೊಡೆದು, ಶರ್ಟನ್ನು ಎಳೆಯದೆ, ಅಂಗೈಯಿಂದ ನೇವರಿಸಿ ಕೂರಿಸಿ. ಡಿಸೈನಿನ ಸುತ್ತ ಉದ್ದುದ್ದ ಟಾಕಾ ಹಾಕಿದರೆ ಜರುಗುವುದಿಲ್ಲ. ಮೇಲ್ಗಡೆ ಪಾರದರ್ಶಕ ವಾಶ್-ಅವೇ ಹಾಳೆ ಒಂದು ಪದರ ಇಟ್ಟರೆ ದಾರ ಕುಣಿಕೆಗಳ ನಡುವೆ ಹೂತುಹೋಗದೆ ಎದ್ದು ಕಾಣುತ್ತದೆ. ಸೂಜಿ 75ನೇ ನಂಬರಿನ ಬಾಲ್ ಪಾಯಿಂಟ್ ಇರಲಿ. ಅದರ ದುಂಡು ತುದಿ ಕುಣಿಕೆಯನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ಮುಗಿದ ಮೇಲೆ ಹಿಂದಿನ ಮೆಶ್ಶನ್ನು ಹೊಲಿಗೆಯಿಂದ ಸುಮಾರು ಅರ್ಧ ಇಂಚು ಬಿಟ್ಟು, ಮೂಲೆಗಳನ್ನು ದುಂಡಗೆ ಕತ್ತರಿಸಿ. ಅದು ಅಲ್ಲಿಯೇ ಇರಬೇಕು, ಶರ್ಟು ಇರುವಷ್ಟು ಕಾಲ.

ಕೈಯಲ್ಲಿ ಎಂಬ್ರಾಯ್ಡರಿ ಹಾಕುವವರಿಗೆ ಈಗ ಅಂಟಿಸಿ ಹೊಲಿಯುವ ವಾಶ್-ಅವೇ ಹಾಳೆಗಳು ಸಿಗುತ್ತವೆ. ಚಿತ್ರ ಬರೆದು ಅಂಟಿಸಿ, ಹೊಲಿದು, ನೀರಿಗೆ ಹಾಕಿದರಾಯಿತು. ಚಿತ್ರ ಇಳಿಸುವುದಕ್ಕೆ ಅದು ಒಳ್ಳೆಯದೇ. ಆದರೆ ಬನಿಯನ್ ಬಟ್ಟೆಗೆ ಅದೊಂದನ್ನೇ ನಂಬಿದರೆ ನೀರಿನೊಂದಿಗೆ ಆಧಾರವೂ ಹೋಗುತ್ತದೆ. ಬಟ್ಟೆಯ ಹಿಂದೆ ಇಸ್ತ್ರಿಯಲ್ಲಿ ಅಂಟುವ ಮೆತ್ತನೆಯ ಫ್ಯೂಸಿಂಗ್ ಹಾಕಿ ಅದನ್ನು ಹಾಗೇ ಬಿಟ್ಟು, ಮೇಲೆ ಈ ಹಾಳೆ ಅಂಟಿಸುವುದು ಸರಿಯಾದ ಕ್ರಮ. ಸರಪಳಿ ಹೊಲಿಗೆ ಸ್ವಲ್ಪ ಜಗ್ಗುತ್ತದೆ, ಹಾಗಾಗಿ ಇಂಥ ಬಟ್ಟೆಗೆ ನಾನು ಅದನ್ನೇ ಹೇಳುತ್ತೇನೆ.

ಆರ್ಗಾಂಜಾದ ವಿಷಯ ಇದಕ್ಕೆ ತಿರುವುಮುರುವು. ಅದು ನೇಯ್ದ ಬಟ್ಟೆ, ಹಿಗ್ಗುವುದಿಲ್ಲ, ಹಗುರವಾದ ಡಿಸೈನನ್ನು ತಾನೇ ಹೊರುತ್ತದೆ. ಆದರೆ ಹಿಂದಿರುವುದನ್ನೆಲ್ಲ ತೋರಿಸಿಬಿಡುತ್ತದೆ. ಇಲ್ಲಿ ಸ್ಟೆಬಿಲೈಸರ್ ಪೂರ್ತಿ ಹೋಗಬೇಕು. ಬಟ್ಟೆಯಂತೆ ಕಾಣುವ ನಾರಿನ ವಾಶ್-ಅವೇ ಎರಡು ಪದರ ಹಿಂದಿರಲಿ. ಪ್ಲಾಸ್ಟಿಕ್ಕಿನಂಥ ತೆಳು ಹಾಳೆ ಮೇಲ್ಗಡೆಗೆ ಮಾತ್ರ, ಹಿಂದೆ ಇಟ್ಟರೆ ಸೂಜಿಯ ಹೊಡೆತಕ್ಕೆ ಹರಿಯುತ್ತದೆ. 65 ಅಥವಾ 70ರ ಸಣ್ಣ ಸೂಜಿ ಸಾಕು. ಬಾಬಿನ್ ದಾರವೂ ಮೇಲಿನ ದಾರದ ಬಣ್ಣದ್ದೇ ಆಗಬೇಕು, ಒಂದು ಎಲೆಯಿಂದ ಇನ್ನೊಂದಕ್ಕೆ ಹಾರಿದ ದಾರಗಳನ್ನೆಲ್ಲ ಕತ್ತರಿಸಬೇಕು. ಆಧಾರವೆಲ್ಲ ಹೋಗುವ ಕಾರಣ ಡಿಸೈನ್ ಬಿಡಿಬಿಡಿಯಾಗಿರಬೇಕು. ಒತ್ತೊತ್ತಾಗಿ ತುಂಬಿದ ಬುಟ್ಟಾ ಆರ್ಗಾಂಜಾವನ್ನು ಅಂಚಿನಗುಂಟ ಕತ್ತರಿಸಿಯೇ ಬಿಡುತ್ತದೆ.

ಕರಗಿಸುವ ಮೊದಲು ಹೆಚ್ಚಾದ ಹಾಳೆಯನ್ನು ಕತ್ತರಿಸಿ ತೆಗೆಯಿರಿ, ಆಗ ನೀರು ಗೋಂದಾಗುವುದು ಕಡಿಮೆ. ಬೆರಳಿಗೆ ಲೋಳೆ ತಾಗದವರೆಗೆ ನೀರು ಬದಲಿಸುತ್ತ ತೊಳೆಯಿರಿ. ಒಣಗಿದ ಮೇಲೆ ಬುಟ್ಟಾ ಬಿರುಸಾಗಿದ್ದರೆ ಒಳಗೆ ಇನ್ನೂ ಉಳಿದಿದೆ ಎಂದೇ ತಿಳಿಯಿರಿ. ರೇಷ್ಮೆ ಆರ್ಗಾಂಜಾ ನೀರಿಗೆ ಬಿದ್ದರೆ ತನ್ನ ಬಿರುಸು ಕಳೆದುಕೊಳ್ಳಬಹುದು, ಬಣ್ಣವೂ ಬಿಡಬಹುದು. ಅದಕ್ಕೇ ಮೂಲೆಯ ತುಂಡೊಂದನ್ನು ಮೊದಲು ನೆನೆಸಿ ನೋಡಬೇಕು. ನೀರು ತಾಗಿಸುವಂತಿಲ್ಲ ಎಂದಾದರೆ ತೆಳು ಟೇರ್-ಅವೇ ಹಾಕಿ, ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಧಾನವಾಗಿ ಹರಿಯಬೇಕು. ಬಿಸಿಗೆ ಪುಡಿಯಾಗುವ ಹಾಳೆಯೂ ಉಂಟು, ಆದರೆ ಆ ಬಿಸಿಗೆ ನೈಲಾನ್ ನೆಟ್ಟೇ ಕರಗೀತು.

ಎಳೆ ಎಣಿಸಲಾಗದ ಬಟ್ಟೆಯ ಮೇಲೆ ಕಸೂತಿ ಹಾಕುವಾಗ ಮೇಲೆ ಕ್ಯಾನ್ವಾಸ್ ಟಾಕಿ, ಅದರ ಕಣ್ಣು ಎಣಿಸಿ ಹೊಲಿದು, ಆಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಕ್ರಮವಿದೆ. ಕೈಕೆಲಸದಲ್ಲಿ, ನೀರು ತಾಗದ ತೆಳು ರೇಷ್ಮೆಗೆ, ಇದಕ್ಕಿಂತ ಚೆನ್ನಾದ ಉಪಾಯ ನನಗೆ ಗೊತ್ತಿಲ್ಲ.

ಹಿಗ್ಗುವ ನೆಟ್ ಮಾತ್ರ ಎರಡೂ ಕಡೆಯ ತೊಡಕನ್ನು ತರುತ್ತದೆ: ಅದರ ಹಿಂದೆ ಆಧಾರ ಉಳಿಯಲೂ ಬೇಕು, ಕಾಣಲೂ ಬಾರದು. ಬಟ್ಟೆಯ ಬಣ್ಣಕ್ಕೆ ಹತ್ತಿರದ ಮೆಶ್ ಹುಡುಕಿ, ಡಿಸೈನನ್ನು ಹಗುರ ಮಾಡಿ, ಹೊಲಿಗೆಯ ಅಂಚಿಗೆ ಸಮೀಪವಾಗಿ ಕತ್ತರಿಸುವುದೇ ದಾರಿ. ಹತ್ತಿರದಿಂದ ನೋಡಿದರೆ ನೆರಳು ಒಂದಿಷ್ಟು ಕಾಣುತ್ತದೆ. ಅದು ಬೇಡವೆನ್ನುವವರು ಡಿಸೈನನ್ನು ಗೆರೆಗಳಿಗೆ ಇಳಿಸಿ ವಾಶ್-ಅವೇ ಬಳಸಬೇಕು.

ವಾಶ್-ಅವೇ ತಂದಿಟ್ಟವರು, ಅದರಲ್ಲೂ ಕರಾವಳಿ ಮಲೆನಾಡಿನವರು, ಮಳೆಗಾಲದಲ್ಲಿ ಅದನ್ನು ಹೊರಗೆ ಬಿಡಬೇಡಿ. ಗಾಳಿಯ ತೇವಕ್ಕೇ ಅದು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲೋ ಜಿಪ್ ಕವರಿನಲ್ಲೋ ಮುಚ್ಚಿಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ.