ಮೆಣಸಿನ ಘಾಟಲ್ಲ, ಕ್ಷಯ
ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ, ಘಾಟು ಅಂದುಕೊಳ್ಳುತ್ತಾರೆ. ನನ್ನ ಕೆಮ್ಮು ಎರಡು ವಾರ ದಾಟಿತು. ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿದಾಗ ಕ್ಷಯ ಎಂದು ಗೊತ್ತಾಯಿತು. ಆರು ತಿಂಗಳು ಮಾತ್ರೆ ನುಂಗಿ ಗುಣವಾದೆ.

ರಾಣೆಬೆನ್ನೂರಿನ ನಮ್ಮ ಕಾಲೇಜಿನಲ್ಲಿ ಈ ಬಗ್ಗೆ ಮಾತಾಡು ಎಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಮಾತ್ರೆಯಿಂದ ಮೂತ್ರ ಕೇಸರಿ ಬಣ್ಣವಾದರೆ ಗಾಬರಿ ಬೇಡ (ನಾನು ರಕ್ತವೆಂದು ಬೆವೆತಿದ್ದೆ!), ಎರಡನೇ ತಿಂಗಳಲ್ಲೇ ಕೆಮ್ಮು ನಿಂತರೂ ಮಾತ್ರೆ ನಿಲ್ಲಿಸಬಾರದು, ನಿಲ್ಲಿಸಿದರೆ ಔಷಧಕ್ಕೆ ಬಗ್ಗದ ಕ್ಷಯವಾಗಬಹುದು. ಇವೆಲ್ಲ ಕೇಳುವವರಿಗೆ ಬೇಕಾದವು, ಹೇಳಿದೆ.

ಮನೆಯವರಿಗೂ ಪರೀಕ್ಷೆ ಆಗಿತ್ತು. ಅದರ ಫಲಿತಾಂಶ ಅವರದು, ಹೇಳಲಿಲ್ಲ. ಅಕ್ಕನಿಗೆ ಗಂಡು ನೋಡುತ್ತಿದ್ದರು ಬೇರೆ. ಆಸ್ಪತ್ರೆ ಚೀಟಿಯನ್ನೂ ತೋರಿಸಲಿಲ್ಲ, ಅದರಲ್ಲಿ ವಿಳಾಸವಿತ್ತು.

‘ನಿನಗೆ ಯಾರಿಂದ ಬಂತು?’ ಎಂದು ಒಬ್ಬ ಕೇಳಿದ.

‘ಗಾಳಿಯಿಂದ’ ಎಂದೆ.