ಕುದುರೆಯ ಬಾಲ ಕತೆಗೆ ಬಂದದ್ದೇಕೆ?

ವಿಜಯನಗರದ ಸಾಳುವ ನರಸಿಂಹ ಅರಬ್ಬೀ ಕಡಲಿನಾಚೆಯ ಹೊರ್ಮುಜ್, ಏಡನ್‌ಗಳಿಂದ ಬರುವ ಕುದುರೆಗಳನ್ನು ವರ್ತಕರು ಕೇಳಿದ ಬೆಲೆಗೇ ಕೊಳ್ಳುತ್ತಿದ್ದನಂತೆ. ಕಡಲಲ್ಲಿ ಸತ್ತ ಕುದುರೆಗೂ ಹಣ ಸಿಗುತ್ತಿತ್ತು, ಅದರ ಬಾಲ ತಂದು ತೋರಿಸಿದರೆ ಸಾಕಿತ್ತು. ಇದನ್ನು ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಅವನು ಬರೆದದ್ದು 1535ರ ಸುಮಾರಿಗೆ, ಅಂದರೆ ನರಸಿಂಹನ ಆಳ್ವಿಕೆ ಮುಗಿದು ನಾಲ್ಕು ದಶಕ ದಾಟಿದ ಮೇಲೆ. ಇತಿಹಾಸಕಾರ ಈ ಮಾತನ್ನು ಎಚ್ಚರದಿಂದ ತೂಗಬೇಕು. ಕಾದಂಬರಿಕಾರನಿಗೋ, ಇದನ್ನು ಓದಿದ ರಾತ್ರಿ ನಿದ್ದೆ ಬರುವುದಿಲ್ಲ. ಇಂಥ ವಿವರ ಕೈಗೆ ಸಿಕ್ಕಾಗಲೇ ತೊಂದರೆಯೂ ಶುರುವಾಗುತ್ತದೆ, ಏಕೆಂದರೆ ಬಿಡಲು ಮನಸ್ಸು ಬಾರದ ಸಂಗತಿಯನ್ನು ಕತೆಗೆ ಬೇಕಿರಲಿ ಬೇಡವಿರಲಿ ಎಲ್ಲಿಯಾದರೂ ಸೇರಿಸಿಬಿಡುತ್ತೇವೆ.

ಒಂದು ಸನ್ನಿವೇಶ ಕಟ್ಟಿ ನೋಡೋಣ. 1488ರ ಸುಮಾರು. ಭಟ್ಕಳದಲ್ಲಿ ಕುದುರೆ ಇಳಿಸಿ, ಘಟ್ಟ ಹತ್ತಿ ರಾಜಧಾನಿಗೆ ಬಂದ ವರ್ತಕನೊಬ್ಬ ಲಾಯದ ಕರಣಿಕನ ಮುಂದೆ ನಿಂತಿದ್ದಾನೆ. ಮೊದಲ ಬರಹದಲ್ಲಿ ಕರಣಿಕ ಹೇಳುತ್ತಾನೆ: “ನಿನಗೆ ಗೊತ್ತೇ ಇದೆಯಲ್ಲ, ನಮ್ಮ ಪ್ರಭುಗಳು ಸತ್ತ ಕುದುರೆಯ ಬಾಲಕ್ಕೂ ಪೂರ್ತಿ ಬೆಲೆ ಕೊಡುತ್ತಾರೆ.” ಗೊತ್ತಿರುವವನಿಗೆ ಗೊತ್ತಿರುವುದನ್ನು ಯಾರೂ ಹೀಗೆ ವಿವರಿಸುವುದಿಲ್ಲ. ಮಾತು ವರ್ತಕನನ್ನು ದಾಟಿ ನೇರ ಓದುಗನ ಕಡೆಗೆ ಬರುತ್ತಿದೆ. ಹಸ್ತಪ್ರತಿಯಲ್ಲಿ ಇಂಥ ಸಂಭಾಷಣೆ ಕಂಡರೆ ಅಲ್ಲಿ ವಿವರ ಕತೆಯನ್ನು ನಿಲ್ಲಿಸಿದೆ ಎಂದೇ ತಿಳಿಯಬಹುದು.

ಈಗ ಅದೇ ಸನ್ನಿವೇಶವನ್ನು ತಿರುಗಿಸಿ. ಕರಣಿಕ ಬಾಲಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಹನ್ನೊಂದು. ಹಡಗು ಹತ್ತಿಸಿದ ಕುದುರೆ ಎಷ್ಟು, ಲಾಯಕ್ಕೆ ಬಂದದ್ದೆಷ್ಟು ಎಂದು ಕೇಳುತ್ತಾನೆ. ಲೆಕ್ಕದ ಪ್ರಕಾರ ಸತ್ತದ್ದು ಹತ್ತೇ. ಹನ್ನೊಂದನೆಯ ಬಾಲ ಯಾವ ಕುದುರೆಯದು? ಅರಮನೆಯ ಪದ್ಧತಿಯನ್ನು ಯಾರೂ ವಿವರಿಸಲಿಲ್ಲ, ಆದರೂ ಓದುಗ ಅದನ್ನು ತಾನೇ ಅರಿತುಕೊಂಡ. ವರ್ತಕ ಸುಳ್ಳು ಹೇಳುತ್ತಾನೋ ಲಂಚ ಕೊಡುತ್ತಾನೋ, ಕರಣಿಕ ತೆಗೆದುಕೊಳ್ಳುತ್ತಾನೋ ಇಲ್ಲವೋ, ಎಲ್ಲವೂ ಆ ಬಾಲದ ಮೇಲೆ ನಿಂತಿದೆ. ಅದನ್ನು ತೆಗೆದರೆ ಸನ್ನಿವೇಶವೇ ಉಳಿಯದು. ಮೊದಲ ಬರಹದಲ್ಲಿ ಆ ವಾಕ್ಯ ಹೊಡೆದುಹಾಕಿದ್ದರೆ ಯಾರಿಗೂ ಏನೂ ಕೊರತೆಯಾಗುತ್ತಿರಲಿಲ್ಲ.

ವಿಜಯನಗರದ ವಿಷಯದಲ್ಲಿ ಇನ್ನೊಂದು ಎಡವುಗಲ್ಲಿದೆ, ಅದರ ಬಗ್ಗೆ ನಾವು ಸಾಕಷ್ಟು ಯೋಚಿಸಿಲ್ಲ ಎಂದು ನನಗನ್ನಿಸುತ್ತದೆ. ಆ ನಗರದ ದಿನನಿತ್ಯದ ಚಿತ್ರ ನಮಗೆ ಬಹುಪಾಲು ದಕ್ಕಿರುವುದು ಹೊರಗಿನವರಿಂದ: 1443ರಲ್ಲಿ ಬಂದ ಅಬ್ದುಲ್ ರಜಾಕ್, 1520ರ ಸುಮಾರಿನ ಪಾಯೆಸ್, ಆಮೇಲಿನ ನೂನಿಜ್. ಅವರು ಬರೆದದ್ದು ಅವರಿಗೆ ಬೆರಗು ಹುಟ್ಟಿಸಿದ್ದನ್ನು. ನಾವು ಆ ವಿವರವನ್ನು ಎತ್ತಿಕೊಳ್ಳುವಾಗ ಬೆರಗನ್ನೂ ಜೊತೆಗೇ ಎತ್ತಿಕೊಂಡು ಊರಿನವಳ ಕಣ್ಣಿಗೆ ಹಚ್ಚಿಬಿಡುತ್ತೇವೆ. ಬೀದಿಯಲ್ಲಿ ಮುತ್ತು ಮಾಣಿಕ್ಯ ಮಾರುವುದನ್ನು ಕಂಡು ಪಾಯೆಸ್ ನಿಂತು ನೋಡಲಿ. ಅದೇ ಬೀದಿಯಲ್ಲಿ ಹುಟ್ಟಿ ಬೆಳೆದ ಹೂವಾಡಗಿತ್ತಿ ನಿಂತು ನೋಡುವುದು ತನ್ನ ಜಾಗದಲ್ಲಿ ಬೇರೆಯವಳು ಬುಟ್ಟಿ ಇಟ್ಟಿದ್ದರೆ ಮಾತ್ರ. ರೂಢಿಯಾದ ವಸ್ತು ಮುರಿದಾಗ, ಕಳೆದಾಗ, ಬೆಲೆ ಏರಿದಾಗ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಪ್ರತಿ ವಿವರಕ್ಕೂ ನಾನು ಕೇಳುವ ಪ್ರಶ್ನೆ: ಈ ಹೊತ್ತಿನಲ್ಲಿ ಇದನ್ನು ಯಾರು, ಏಕೆ ಗಮನಿಸುತ್ತಿದ್ದಾರೆ?

ಇದೇ ಪ್ರಶ್ನೆ ಕಾಲದ ಅಳತೆಗೂ ಸಲ್ಲುತ್ತದೆ. ತಳದಲ್ಲಿ ಸಣ್ಣ ತೂತಿರುವ ಗಳಿಗೆ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ. ಗಳಿಗೆಯೆಂದರೆ 24 ನಿಮಿಷ ಎಂದು ಕಾದಂಬರಿಯ ನಡುವೆ ಬರೆದ ಕೂಡಲೇ ಗೋಡೆ ಗಡಿಯಾರವೊಂದು ವಿಜಯನಗರದೊಳಗೆ ನೇತುಬೀಳುತ್ತದೆ. ಮುಹೂರ್ತ ಮೀರುತ್ತಿದೆ, ವರನ ಕಡೆಯವರು ಇನ್ನೂ ಬಂದಿಲ್ಲ, ಬಟ್ಟಲು ಮುಕ್ಕಾಲು ತುಂಬಿದೆ ಎಂದರೆ ಲೆಕ್ಕ ಬೇಕಾಗುವುದಿಲ್ಲ. ಮೆಣಸಿನಕಾಯಿಯದೂ ಇದೇ ಕತೆ. ಅದು ಪೋರ್ಚುಗೀಸರು ಬಂದ ಮೇಲೆ ನಮ್ಮ ಅಡುಗೆಗೆ ಸೇರಿದ್ದು, ಅವರು 1498ರಲ್ಲಿ ಕಲ್ಲಿಕೋಟೆ ತಲುಪಿದವರು. ನರಸಿಂಹನ ಕಾಲದ ಸಾರಿಗೆ ಕಾಳುಮೆಣಸು ಹಾಕಿದರೆ ಮುಗಿಯಿತು. ಮೆಣಸಿನಕಾಯಿ ಇನ್ನೂ ಬಂದಿರಲಿಲ್ಲ ಎಂದು ಬರೆದರೆ, ಅಡುಗೆಮನೆಯಲ್ಲಿ ಕಾಣಿಸುವವನು ಲೇಖಕ.

ಹಾಗೆಂದು ಕತೆಯನ್ನು ಮುಂದೆ ತಳ್ಳದ ವಿವರವನ್ನೆಲ್ಲ ಕತ್ತರಿಸಬೇಕೆಂಬವರನ್ನು ನಾನು ಒಪ್ಪುವುದಿಲ್ಲ. ಮೊದಲ ಅಧ್ಯಾಯಗಳಲ್ಲಿ ಓದುಗನಿಗೆ ಊರು ಪರಿಚಯವಾಗಬೇಕು, ಲಾಯದ ವಾಸನೆ, ಹುರುಳಿ ಬೇಯುವ ಹಂಡೆ, ಇವಕ್ಕೆ ಅಲ್ಲಿ ಜಾಗವಿದೆ. ಬಾಲದಂಥ ವಿಚಿತ್ರ ಸತ್ಯಕ್ಕಂತೂ ಈ ತಯಾರಿ ಇಲ್ಲದಿದ್ದರೆ ಆಗದು. ಅದು ದಾಖಲೆಯಲ್ಲಿದ್ದರೂ ಓದುಗ ಕಟ್ಟುಕತೆಯೆಂದೇ ಭಾವಿಸುತ್ತಾನೆ. ಆದ್ದರಿಂದ ಎಣಿಕೆಯ ಸನ್ನಿವೇಶಕ್ಕೆ ಒಂದೆರಡು ಅಧ್ಯಾಯ ಮೊದಲೇ, ಹಡಗಿನ ಮೇಲೆ, ಸತ್ತ ಕುದುರೆಯನ್ನು ನೀರಿಗೆ ತಳ್ಳುವ ಮುನ್ನ ಆಳೊಬ್ಬ ಚೂರಿ ತೆಗೆದು ಬಾಲ ಕೊಯ್ದು ಉಪ್ಪಿನ ಗೋಣಿಗೆ ಹಾಕಲಿ. ಏಕೆಂದು ಅಲ್ಲಿ ಹೇಳುವುದು ಬೇಡ. ಕರಣಿಕ ಗೋಣಿ ಬಿಚ್ಚಿಸಿದಾಗ ಓದುಗನೂ ಅವನ ಜೊತೆ ಎಣಿಸತೊಡಗುತ್ತಾನೆ.