ಲಾಂದ್ರದಲ್ಲಿ ಉಳಿದ ಎಣ್ಣೆ

ನೆಲಮಾಳಿಗೆಯ ಓಣಿಯಲ್ಲಿ ನೀರು ನಿಂತಿದೆ. ಮರದ ಪೆಟ್ಟಿಗೆಯೊಂದರ ಮೇಲೆ ನೀವು ನಿಂತಿದ್ದೀರಿ. ದೂರದಲ್ಲಿ ಪಚಕ್, ಪಚಕ್ ಎಂದು ನೀರು ತುಳಿಯುವ ಸದ್ದು ಕೇಳುತ್ತದೆ. ತಿರುಗಿ ನೋಡಿದರೆ ಯಾರೂ ಇಲ್ಲ. ನೀರು ಮಾತ್ರ ಹೆಜ್ಜೆಯಿಂದ ಹೆಜ್ಜೆಗೆ ಚಿಮ್ಮುತ್ತ ನಿಮ್ಮ ಕಡೆಗೇ ಬರುತ್ತಿದೆ. ಕೈಯಲ್ಲಿ ಕತ್ತಿಯಿಲ್ಲ, ಕೋವಿಯಿಲ್ಲ. ಮುಂದಿನ ಪೆಟ್ಟಿಗೆಗೆ ಹಾರಬೇಕು. ಕಾಲು ಜಾರಿ ನೀರಿಗೆ ಬಿದ್ದರೆ ಆ ಸದ್ದು ಓಡತೊಡಗುತ್ತದೆ.

'ಅಮ್ನೀಸಿಯಾ: ದ ಡಾರ್ಕ್ ಡಿಸೆಂಟ್' ಆಟದ ಈ ಭಾಗವನ್ನು ನಾನು ಮೊದಲ ಸಲ ಆಡಿದಾಗ ಅರ್ಧಕ್ಕೇ ನಿಲ್ಲಿಸಿ ಕೋಣೆಯ ದೀಪ ಹಾಕಿಕೊಂಡೆ. ಪರದೆಯ ಮೇಲೆ ಇದ್ದದ್ದು ಒಂದಿಷ್ಟು ನೀರಿನ ಹನಿ ಮತ್ತು ಸದ್ದು. ಅಷ್ಟರಿಂದ ಇಷ್ಟು ಹೆದರಿಕೆ ಹೇಗೆ ಹುಟ್ಟಿತು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಈ ಆಟವನ್ನು 2010ರಲ್ಲಿ ಹೊರತಂದದ್ದು ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ಎಂಬ ಪುಟ್ಟ ಸಂಸ್ಥೆ. ಕತೆ 1839ರದ್ದು. ಡೇನಿಯಲ್ ಎಂಬ ಇಂಗ್ಲಿಷ್ ತರುಣ ಪ್ರಷ್ಯಾದ ಬ್ರೆನೆನ್‌ಬರ್ಗ್ ಕೋಟೆಯಲ್ಲಿ ನೆನಪು ಕಳೆದುಕೊಂಡು ಎಚ್ಚರಗೊಳ್ಳುತ್ತಾನೆ. ಕತ್ತಲೆಯ ಕೋಣೆಗಳನ್ನು ದಾಟುತ್ತ ಅವನು ಕೋಟೆಯ ಆಳಕ್ಕೆ ಇಳಿಯಬೇಕು. ಇಡೀ ಆಟದಲ್ಲಿ ಅವನಿಗೆ ಒಂದೇ ಒಂದು ಆಯುಧವೂ ಸಿಗುವುದಿಲ್ಲ.

ಆಯುಧ ಕಿತ್ತುಕೊಳ್ಳುವ ತೀರ್ಮಾನಕ್ಕೆ ಆ ತಂಡ ಒಂದೇ ದಿನದಲ್ಲಿ ಬಂದದ್ದಲ್ಲ. 2007ರ ಅವರ 'ಪೆನಂಬ್ರಾ: ಓವರ್ಚರ್' ಆಟದಲ್ಲಿ ಸುತ್ತಿಗೆ, ಗುದ್ದಲಿಗಳಿದ್ದವು. ಮೌಸನ್ನು ಬೀಸಿ ಹೊಡೆಯಬೇಕಾಗಿದ್ದ ಆ ಕಾದಾಟ ಬಹಳ ಒರಟಾಗಿತ್ತು. ಆದರೂ ಕೈಯಲ್ಲಿ ಸುತ್ತಿಗೆ ಇದ್ದ ಮೇಲೆ ಆಟಗಾರ ಅದನ್ನು ಬಳಸದೆ ಬಿಡುತ್ತಾನೆಯೇ? ಎದುರಿಗೆ ಬಂದ ನಾಯಿಯನ್ನು ಕಂಡರೆ ಅವಿತುಕೊಳ್ಳಬೇಕೆಂದು ಅನ್ನಿಸುವುದಕ್ಕಿಂತ ಎಷ್ಟು ಏಟಿಗೆ ಸಾಯುತ್ತದೆ, ಯಾವಾಗ ಹಾರುತ್ತದೆ ಎಂಬ ಲೆಕ್ಕವೇ ತಲೆಯಲ್ಲಿ ಓಡುತ್ತದೆ. ಲೆಕ್ಕ ಸಿಕ್ಕ ಮೇಲೆ ಅದು ಬರೀ ನಾಯಿ. ಮರುವರ್ಷದ 'ಬ್ಲ್ಯಾಕ್ ಪ್ಲೇಗ್'ನಲ್ಲಿ ತಂಡ ಕಾದಾಟವನ್ನೇ ಕೈಬಿಟ್ಟಿತು. ಅಮ್ನೀಸಿಯಾ ಅದೇ ದಾರಿಯಲ್ಲಿ ಮುಂದುವರಿಯಿತು: ಇಲ್ಲಿ ಭೂತವನ್ನು ದಿಟ್ಟಿಸಿ ನೋಡುವುದೂ ಅಪಾಯ. ನೋಡಿದಷ್ಟೂ ಡೇನಿಯಲ್‌ನ ಮನಸ್ಸಿನ ಸ್ಥಿಮಿತ ತಪ್ಪುತ್ತ ಹೋಗುತ್ತದೆ, ಕಣ್ಣು ಮಂಜಾಗುತ್ತದೆ. ಹಾಗಾಗಿ ಆಟಗಾರ ಮೂಲೆಗೆ ಮುಖ ಮಾಡಿ ಕೂತು ಹೆಜ್ಜೆ ಸದ್ದು ದೂರವಾಗುವುದನ್ನೇ ಕಾಯುತ್ತಾನೆ. ಸರಿಯಾಗಿ ನೋಡದ ಭೂತ ಅವನ ತಲೆಯಲ್ಲಿ ತನಗೆ ಬೇಕಾದಷ್ಟು ಬೆಳೆಯುತ್ತದೆ.

ಇನ್ನು ಬೆಳಕಿನ ವಿಷಯ. ಡೇನಿಯಲ್ ಬಳಿ ಎರಡು ಆಸ್ತಿಗಳಿವೆ. ಒಂದು ಲಾಂದ್ರ, ಅದಕ್ಕೆ ಅಲ್ಲಲ್ಲಿ ಸಿಗುವ ಎಣ್ಣೆ. ಇನ್ನೊಂದು ಚಕಮಕಿ ಪೆಟ್ಟಿಗೆಗಳು. ಒಂದು ಪೆಟ್ಟಿಗೆಗೆ ಒಂದು ಮೇಣದಬತ್ತಿ ಅಥವಾ ಒಂದು ಪಂಜು ಹೊತ್ತಿಸಬಹುದು. ಕತ್ತಲಲ್ಲಿ ನಿಂತರೆ ಸ್ಥಿಮಿತ ಕುಸಿಯುತ್ತದೆ, ಬೆಳಕಿದ್ದರೆ ಉಳಿಯುತ್ತದೆ. ಆದರೆ ಬೆಳಕಿನಲ್ಲಿ ನಿಂತವನು ಭೂತದ ಕಣ್ಣಿಗೂ ಬೀಳುತ್ತಾನೆ. ಭೂತ ಬಂದಾಗ ಲಾಂದ್ರ ಆರಿಸಿ ಕತ್ತಲಲ್ಲಿ ಕೂರಬೇಕು, ಕೂತಷ್ಟು ಹೊತ್ತೂ ತಲೆ ಕೆಡುತ್ತದೆ. ಕತ್ತಲೆಯೇ ಶತ್ರು, ಅಡಗುದಾಣವೂ ಅದೇ. ಒಂದು ಕೋಣೆಯ ಬಾಗಿಲಲ್ಲಿ ನಿಂತು, ಒಳಗಿರುವ ಮೂರು ಮೇಣದಬತ್ತಿಗಳಲ್ಲಿ ಯಾವುದನ್ನು ಹೊತ್ತಿಸಲಿ, ಅಥವಾ ಯಾವುದನ್ನೂ ಹೊತ್ತಿಸದೆ ತಡಕಾಡುತ್ತ ದಾಟಿಬಿಡಲೇ ಎಂದು ಯೋಚಿಸುವ ಆ ಕ್ಷಣದಲ್ಲಿ ಕೋಣೆ ಖಾಲಿಯೇ ಇರಬಹುದು. ಭಯ ಆಗಲೇ ಶುರುವಾಗಿರುತ್ತದೆ.

ಇಂಥ ಕೊರತೆಯನ್ನು ಅಳೆದು ಕೊಡುವುದು ಕಷ್ಟದ ಕೆಲಸ. ಎಣ್ಣೆ ಹೆಚ್ಚು ಕೊಟ್ಟರೆ ಆಟಗಾರ ಲಾಂದ್ರ ಬೀಸಿಕೊಂಡು ಸಂಜೆ ವಾಯುವಿಹಾರಕ್ಕೆ ಹೊರಟವನಂತೆ ನಡೆಯುತ್ತಾನೆ. ತೀರಾ ಕಡಿಮೆಯಾದರೆ ದಾರಿ ಕಾಣದೆ ಗೋಡೆಗೆ ಮುಟ್ಟಿ ಮುಟ್ಟಿ ಬೇಸತ್ತು ಆಟ ಬಿಡುತ್ತಾನೆ. ಫ್ರಿಕ್ಷನಲ್ ಇಲ್ಲಿ ಒಂದು ಜಾಣತನ ತೋರಿಸಿದೆ. ಎಣ್ಣೆ ಪೂರ್ತಿ ಮುಗಿದರೂ ಸ್ವಲ್ಪ ಹೊತ್ತಿಗೆ ಡೇನಿಯಲ್‌ನ ಕಣ್ಣು ಕತ್ತಲಿಗೆ ಹೊಂದಿಕೊಂಡು ಸುತ್ತಲಿನ ವಸ್ತುಗಳು ಮಸುಕಾಗಿ ಕಾಣುತ್ತವೆ. ಸ್ಥಿಮಿತ ಸೊನ್ನೆಗಿಳಿದರೂ ಅವನು ಸಾಯುವುದಿಲ್ಲ, ಕುಸಿದು ಬಿದ್ದು ತೆವಳುತ್ತಾನೆ, ಮತ್ತೆ ಏಳುತ್ತಾನೆ. ಅಂದರೆ ಶಿಕ್ಷೆ ನಾವು ಅಂದುಕೊಂಡದ್ದಕ್ಕಿಂತ ಸಣ್ಣದು. ಆದರೆ ಅದು ಆಟಗಾರನಿಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಧೈರ್ಯವೂ ಇಲ್ಲ. ನಾನು ಆಟ ಮುಗಿಸಿದಾಗ ಚೀಲದಲ್ಲಿ ಚಕಮಕಿ ಪೆಟ್ಟಿಗೆಗಳು ಬೇಕಾದಷ್ಟು ಉಳಿದಿದ್ದವು. ಕಷ್ಟಕಾಲಕ್ಕೆಂದು ಕೂಡಿಟ್ಟು, ಕೊನೆಯವರೆಗೂ ಕತ್ತಲಲ್ಲೇ ನಡೆದಿದ್ದೆ.

ಸಾವಿನ ವಿಷಯದಲ್ಲೂ ಇದೇ ಎಚ್ಚರ. ಭೂತದ ಕೈಗೆ ಸಿಕ್ಕು ಒಂದೇ ಓಣಿಯಲ್ಲಿ ಐದು ಸಲ ಸತ್ತರೆ ಆರನೆಯ ಸಲ ಭಯ ಇರುವುದಿಲ್ಲ, ಕಿರಿಕಿರಿ ಇರುತ್ತದೆ. ಅದಕ್ಕಾಗಿ ಈ ಆಟದಲ್ಲಿ ಸತ್ತು ಮರಳಿದಾಗ ಎಷ್ಟೋ ಕಡೆ ಭೂತ ಮೊದಲಿದ್ದ ಜಾಗದಲ್ಲಿ ಇರುವುದಿಲ್ಲ. ಅದರ ನಡೆ ಬಾಯಿಪಾಠವಾಗದಂತೆ ನೋಡಿಕೊಂಡಿದ್ದಾರೆ.

ಇದೆಲ್ಲಕ್ಕೂ ಉಸಿರು ಕೊಟ್ಟಿರುವುದು ಸದ್ದು. ಆಟ ಶುರುವಾಗುವಾಗಲೇ ಕತ್ತಲೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಆಡಿ ಎಂದು ಸೂಚನೆ ಬರುತ್ತದೆ. ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಇಲ್ಲ; ಮೇಲಾಗಿ ಕಿವಿ ಬೆನ್ನ ಹಿಂದಿನದನ್ನೂ ಗೋಡೆಯಾಚೆಯದನ್ನೂ ಕೇಳಿಸಿಕೊಳ್ಳುತ್ತದೆ. ಅಮ್ನೀಸಿಯಾದ ಸದ್ದುಗಳಲ್ಲಿ ಎರಡು ಬಗೆ. ಕೆಲವು ನಿಜಕ್ಕೂ ಅಲ್ಲಿರುವ ಭೂತದ್ದು: ನರಳಿಕೆ, ಎಳೆದು ಹಾಕುವ ಕಾಲು, ಬಾಗಿಲು ಒಡೆಯುವ ಹೊಡೆತ. ಉಳಿದವು ಯಾರದ್ದೂ ಅಲ್ಲ: ಮೇಲಿನ ಅಂತಸ್ತಿನ ಓಡಾಟ, ಎಲ್ಲೋ ಕಿರುಗುಟ್ಟುವ ಬಾಗಿಲು, ಸ್ಥಿಮಿತ ತಪ್ಪಿದಾಗ ಕಿವಿಯ ಪಕ್ಕದಲ್ಲೇ ಕೇಳುವ ಹಲ್ಲು ಕಡಿತ. ಎರಡನ್ನೂ ಬೇರ್ಪಡಿಸಲು ಆಟಗಾರನಿಗೆ ಬಿಡುವಿಲ್ಲ, ಆದ್ದರಿಂದ ಎರಡಕ್ಕೂ ಅಡಗುತ್ತಾನೆ. ನೆಲಮಾಳಿಗೆಯ ಆ ನೀರಿನ ದೃಶ್ಯದಲ್ಲಿ ಮಾಂಸದ ತುಂಡುಗಳನ್ನು ದೂರಕ್ಕೆ ಎಸೆದು ಭೂತವನ್ನು ಆ ಕಡೆ ಸೆಳೆಯಬಹುದು. ಅದು ತಿನ್ನುತ್ತಿದೆಯೋ ಮರಳಿ ಬರುತ್ತಿದೆಯೋ ಎಂಬುದನ್ನು ಪಚಪಚ ಸದ್ದಿನಿಂದಲೇ ತಿಳಿಯಬೇಕು.

ಜಪಾನಿನ 'ಸೈಲೆಂಟ್ ಹಿಲ್' 1999ರಲ್ಲೇ ಇದಕ್ಕೆ ತಿರುಗಾದ ಉಪಾಯ ಮಾಡಿತ್ತು. ನಾಯಕನ ಜೇಬಿನ ಪುಟ್ಟ ರೇಡಿಯೊ ಭೂತ ಹತ್ತಿರವಾದಂತೆ ಗರಗರ ಎನ್ನುತ್ತದೆ. ಅಲ್ಲಿ ಸದ್ದು ಸುಳ್ಳು ಹೇಳುವುದಿಲ್ಲ. ಏನೋ ಇದೆ ಎನ್ನುತ್ತದೆ, ಎಲ್ಲಿ ಎಂದು ಮಾತ್ರ ಹೇಳುವುದಿಲ್ಲ.

ಆಯುಧವೇ ಇರಬಾರದು ಎಂಬ ನಿಯಮಕ್ಕೂ ಒಂದು ಮಿತಿಯಿದೆ. ಓಡು, ಅವಿತುಕೋ, ಕಾಯಿ — ಇಷ್ಟೇ ಆದರೆ ಕೆಲವು ಗಂಟೆಗಳಲ್ಲಿ ಆಟಗಾರ ಅದಕ್ಕೂ ಒಗ್ಗಿಹೋಗುತ್ತಾನೆ. ಫ್ರಿಕ್ಷನಲ್ 2023ರಲ್ಲಿ ತಂದ 'ಅಮ್ನೀಸಿಯಾ: ದ ಬಂಕರ್' ಇದಕ್ಕೆ ಕೊಟ್ಟ ಉತ್ತರ ನನಗೆ ತುಂಬ ಹಿಡಿಸಿತು. ಮೊದಲ ಮಹಾಯುದ್ಧದ ಬಂಕರಿನಲ್ಲಿ ಸಿಕ್ಕಿಬಿದ್ದ ಫ್ರೆಂಚ್ ಸೈನಿಕನಿಗೆ ಇಲ್ಲಿ ಪಿಸ್ತೂಲು ಉಂಟು, ಗುಂಡುಗಳು ಬೆರಳೆಣಿಕೆಯಷ್ಟು. ಗುಂಡು ತಗುಲಿದರೆ ಗೋಡೆಯೊಳಗಿನ ಆ ಪ್ರಾಣಿ ಸ್ವಲ್ಪ ಹೊತ್ತು ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಗುಂಡಿನ ಸದ್ದೇ ಅದನ್ನು ಕರೆತರಲೂಬಹುದು. ದೀಪಗಳು ಜನರೇಟರಿನಿಂದ ಉರಿಯುತ್ತವೆ, ಅದಕ್ಕೆ ಇಂಧನ ಹುಡುಕಿ ತಂದು ಸುರಿಯಬೇಕು. ಇಂಧನ ತೀರಿದರೆ ಬಂಕರಿಡೀ ಕತ್ತಲು. ಆಗ ಉಳಿಯುವುದು ದಾರ ಎಳೆದು ಚಾಲೂ ಮಾಡುವ ಟಾರ್ಚು. ಎಳೆದಾಗಲೆಲ್ಲ ಅದು ಕರ್ರ್ ಎಂದು ಕೂಗುತ್ತದೆ, ಮತ್ತು ಗೋಡೆಯ ತೂತಿನೊಳಗೆ ಏನೋ ಸರಿದಾಡುತ್ತದೆ.